ಎರಡು ದಿನವೆಂದರೆ ಎರಡು ಮುಂಜಾವು
(ಹೊರದೇಶದ ನಿಯೋಗವನ್ನು ಬರಮಾಡಿಕೊಳ್ಳಲಿರುವ ಕಾರ್ಯಕರ್ತರ ಸಿದ್ಧತಾ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಆರು ಜನ ಅತಿಥಿಗಳು ಜನವರಿಯಲ್ಲಿ ನಮ್ಮಲ್ಲಿಗೆ ಬರುತ್ತಿದ್ದಾರೆ. ಅವರಿಗೆ ಇರುವುದು ಎರಡೇ ದಿನ. ನೋಡಬೇಕೆಂದು ಬರೆದು ಕಳಿಸಿರುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳನ್ನು. ಈಗಾಗಲೇ ಐದೂ ಕಡೆಯಿಂದ ‘ನಮ್ಮೂರಿಗೆ ಯಾವಾಗ’ ಎಂದು ಕರೆಗಳು ಬರಲಾರಂಭಿಸಿವೆ. ಮಲೆನಾಡಿನಿಂದ ನೆರವಿಗೆ ಬಂದಿರುವ ನಿಮ್ಮಲ್ಲಿ ಹಲವರಿಗೆ ಈ ಬಯಲುಸೀಮೆ ಹೊಸದು. ಆದ್ದರಿಂದ ಕಾರ್ಯಕ್ರಮ ಪಟ್ಟಿಯನ್ನು ಓದಿ ಹೇಳುವುದಕ್ಕಿಂತ, ಅದನ್ನು ಹಾಗೆಯೇ ಏಕೆ ಹೆಣೆಯಬೇಕಾಯಿತೆಂಬುದನ್ನು ಹೇಳುವುದೇ ಲೇಸು. ಪಟ್ಟಿ ನಡುವೆ ಹರಿದುಹೋದರೂ ಕಾರಣ ತಿಳಿದಿದ್ದವರು ಅದನ್ನು ಮತ್ತೆ ಹೊಲಿಯಬಲ್ಲರು.

ಮೊದಲು ನೆಲದ ಲೆಕ್ಕ. ಭೂಪಟದಲ್ಲಿ ಈ ಐದು ಊರುಗಳು ಒಂದರ ಮಗ್ಗುಲಲ್ಲಿ ಇನ್ನೊಂದಿರುವಂತೆ ಕಾಣುತ್ತವೆ. ಕೊಟ್ಟೂರು ಹೆಚ್ಚುಕಡಿಮೆ ನಡುವಿನಲ್ಲಿದೆ. ಅಲ್ಲಿಂದ ಹಗರಿಬೊಮ್ಮನಹಳ್ಳಿಗೂ ಹರಪನಹಳ್ಳಿಗೂ ಸುಮಾರು ಮೂವತ್ತು ಕಿಲೋಮೀಟರು, ಕೂಡ್ಲಿಗಿಗೆ ಇನ್ನೂ ಕಡಿಮೆ. ಹಡಗಲಿ ಮಾತ್ರ ತುಸು ದೂರ, ತುಂಗಭದ್ರೆಯ ಕಡೆಗೆ. ಐದನ್ನೂ ಒಂದು ಸುತ್ತು ಹಾಕಿದರೆ ನೂರೈವತ್ತು ಕಿಲೋಮೀಟರಿನ ಆಸುಪಾಸು. ‘ಇದೇನು ಮಹಾ’ ಎನ್ನಬಹುದು. ಆದರೆ ಎಂಟು ಹತ್ತು ಜನರ ತಂಡ ಪ್ರತಿ ಊರಿನಲ್ಲಿ ಇಳಿದು, ಕೈಕುಲುಕಿ, ಚಹ ಕುಡಿದು, ಮತ್ತೆ ವಾಹನ ಹತ್ತುವ ಹೊತ್ತಿಗೆ ಮಾತೇ ಆಡದೆ ಮುಕ್ಕಾಲು ಗಂಟೆ ಹೋಗಿರುತ್ತದೆ. ಐದು ಊರಿಗೆ ಹೀಗೆಯೇ ನಾಲ್ಕು ಗಂಟೆ, ಪ್ರಯಾಣಕ್ಕೆ ಇನ್ನೊಂದು ನಾಲ್ಕು ಗಂಟೆ. ಅಲ್ಲಿಗೆ ಒಂದು ಹಗಲು ಮುಗಿಯಿತು. ಅತಿಥಿಗಳು ಐದು ಊರಿನ ಬಸ್‌ ನಿಲ್ದಾಣಗಳನ್ನು ನೋಡಿದಂತಾಯಿತೇ ಹೊರತು ಒಬ್ಬ ರೈತನ ಮಾತನ್ನೂ ಪೂರ್ತಿ ಕೇಳಿದಂತಾಗಲಿಲ್ಲ.

ಇನ್ನು ಕಾಲದ ಲೆಕ್ಕ. ಅವರು ನೋಡಬಯಸುವ ಸಂಗತಿಗಳಲ್ಲಿ ಮುಖ್ಯವಾದವು ನಡುಹಗಲಿನಲ್ಲಿ ಕಾಣುವಂಥವಲ್ಲ. ಅಂಕಸಮುದ್ರದ ಹಕ್ಕಿಗಳ ಚಟುವಟಿಕೆ ಸೂರ್ಯೋದಯದ ಹಿಂದುಮುಂದಿನದು. ಗುಡೇಕೋಟೆಯ ಕರಡಿಗಳು ಬೆಳಗಿನ ಜಾವ ಕಲ್ಲುಗುಡ್ಡಗಳಿಗೆ ಮರಳಿಬಿಡುತ್ತವೆ. ಹಡಗಲಿಯ ಮಲ್ಲಿಗೆಯನ್ನು ಮೊಗ್ಗು ಬಿರಿಯುವ ಮೊದಲೇ, ನಸುಕಿನಲ್ಲಿ ಬಿಡಿಸುತ್ತಾರೆ. ಮಧ್ಯಾಹ್ನ ಹೋದವನಿಗೆ ಕಾಣುವುದು ಬರಿಯ ಹಸಿರು ಗಿಡ. ಇವು ಮೂರೂ ಮುಂಜಾವಿನವೇ. ಎರಡು ದಿನವೆಂದರೆ ನಮ್ಮ ಕೈಯಲ್ಲಿರುವುದು ಎರಡು ಮುಂಜಾವು, ಅಷ್ಟೇ. ಅವುಗಳಲ್ಲಿ ಏನನ್ನಿಡಬೇಕೆಂದು ಮೊದಲು ನಿರ್ಧರಿಸಿ, ಸಭೆ ಊಟಗಳನ್ನು ಆಮೇಲೆ ಉಳಿದ ಹೊತ್ತಿನಲ್ಲಿ ಕೂಡಿಸಬೇಕು. ಹೆಚ್ಚಿನ ಕಾರ್ಯಕ್ರಮ ಪಟ್ಟಿಗಳು ಕೆಡುವುದು ಉದ್ಘಾಟನೆಯನ್ನು ಹತ್ತು ಗಂಟೆಗೆ ನಿಗದಿಪಡಿಸಿ, ಮಿಕ್ಕದ್ದನ್ನು ಅದರ ಸುತ್ತ ಜೋಡಿಸುವುದರಿಂದ.

ಜನವರಿಯಲ್ಲಿ ಮಲ್ಲಿಗೆಯ ಇಳುವರಿ ಇಳಿದಿರುತ್ತದೆ. ಅದರ ಸುಗ್ಗಿ ಬೇಸಿಗೆಯದು. ಹೀಗಾಗಿ ಮೊದಲ ಮುಂಜಾವು ಅಂಕಸಮುದ್ರಕ್ಕೆ, ಎರಡನೆಯದು ಗುಡೇಕೋಟೆಗೆ ಎಂದು ಇಟ್ಟುಕೊಂಡಿದ್ದೇವೆ. ಹಡಗಲಿಯವರಿಗೆ ಬೇಸರವಾಗದಿರಲಿ. ಅವರ ಪಾಲು ಬೇರೆ ರೀತಿಯಲ್ಲಿ ಇದೆ. ಅದು ವಿಮಾನ ನಿಲ್ದಾಣದಿಂದಲೇ ಆರಂಭವಾಗುತ್ತದೆ.

ಅತಿಥಿಗಳು ಮೊದಲು ಇಳಿಯುವುದು ಬೆಂಗಳೂರಿನಲ್ಲಿ, ನಡುರಾತ್ರಿಯ ನಂತರ. ಅಲ್ಲಿಂದ ನೇರವಾಗಿ ರಸ್ತೆಯಲ್ಲಿ ಕರೆತರೋಣವೆಂಬ ಸಲಹೆ ಬಂದಿತ್ತು. ದೇವನಹಳ್ಳಿಯಿಂದ ಕೂಡ್ಲಿಗಿಗೆ, ಚಿತ್ರದುರ್ಗದ ಮೇಲೆ, ಹೆಚ್ಚುಕಡಿಮೆ ಮುನ್ನೂರು ಕಿಲೋಮೀಟರು. ಹತ್ತು ಗಂಟೆ ವಿಮಾನದಲ್ಲಿ ಕುಳಿತು ಬಂದವರನ್ನು ಮತ್ತೆ ಆರು ಗಂಟೆ ವಾಹನದಲ್ಲಿ ಕೂರಿಸಿದರೆ ಮೊದಲ ದಿನ ಅವರು ನಮ್ಮ ಸಭೆಗಳಲ್ಲಿ ತೂಕಡಿಸುತ್ತಾರೆ, ಅದು ಅವರ ತಪ್ಪಲ್ಲ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣ ಎಲ್ಲಕ್ಕಿಂತ ಹತ್ತಿರದ್ದು ನಿಜ. ಆದರೆ ಅಲ್ಲಿಗೆ ಬರುವುದು ಸಣ್ಣ ವಿಮಾನ. ಒಂದು ಹಾರಾಟ ರದ್ದಾದರೆ ಬದಲಿಗೆ ಇನ್ನೊಂದು ಸಿಗುವುದು ಕಷ್ಟ. ಆದ್ದರಿಂದ ಹುಬ್ಬಳ್ಳಿಯನ್ನು ಆರಿಸಿಕೊಂಡಿದ್ದೇವೆ. ಬೆಳಿಗ್ಗೆ ಬೆಂಗಳೂರಿನಲ್ಲಿಯೇ ವಿಶ್ರಾಂತಿ, ಆಮೇಲೆ ಹುಬ್ಬಳ್ಳಿಯ ವಿಮಾನ, ಮಧ್ಯಾಹ್ನ ಎರಡರೊಳಗೆ ಅಲ್ಲಿ ಇಳಿಯುವುದು. ಇದು ಎರಡು ದಿನಗಳ ಲೆಕ್ಕಕ್ಕೆ ಸೇರದ, ಹಿಂದಿನ ದಿನ. ಬಂದಿಳಿದ ದಿನವನ್ನು ಕಾರ್ಯಕ್ರಮದ ಮೊದಲ ದಿನವೆಂದು ಎಣಿಸಬಾರದೆಂದು ಅವರಿಗೆ ಎರಡು ಸಲ ಪತ್ರ ಬರೆದು ಒಪ್ಪಿಸಿದ್ದಾಗಿದೆ.

ಬೆಂಗಳೂರಿನ ಹಂತದಲ್ಲಿ ಎಡವುವ ಜಾಗಗಳು ಮೂರು ಇವೆ. ಹೊರದೇಶದಿಂದ ಬಂದವರು ಭಾರತದಲ್ಲಿ ಮೊದಲು ಇಳಿದ ನಿಲ್ದಾಣದಲ್ಲೇ ತಮ್ಮ ಪೆಟ್ಟಿಗೆಗಳನ್ನು ಪಡೆದು ಸುಂಕದ ತಪಾಸಣೆ ಮುಗಿಸಬೇಕು. ಪೆಟ್ಟಿಗೆಗೆ ಹುಬ್ಬಳ್ಳಿಯವರೆಗೆ ಚೀಟಿ ಅಂಟಿಸಿದ್ದರೂ ಸರಿಯೇ. ಇದು ತಿಳಿಯದೆ ಬರಿಗೈಲಿ ಹೊರಬಂದವರ ಪೆಟ್ಟಿಗೆ ಅಲ್ಲಿಯೇ ಉಳಿಯುತ್ತದೆ. ಎರಡನೆಯದು ತೂಕ. ದೇಶದೊಳಗಿನ ವಿಮಾನದ ಟಿಕೇಟನ್ನು ಬೇರೆಯಾಗಿ ಕೊಂಡಿದ್ದರೆ ಸಾಮಾನಿನ ಮಿತಿ ಅಂತರರಾಷ್ಟ್ರೀಯ ಟಿಕೇಟಿನದಕ್ಕಿಂತ ಬಹಳ ಕಡಿಮೆ. ಹೆಚ್ಚುವರಿ ಹಣ ಕೊಡಬೇಕಾದೀತೆಂದು ಮೊದಲೇ ತಿಳಿಸಿ. ಮೂರನೆಯದು ದೂರವಾಣಿ. ಅವರ ಮೊಬೈಲು ಇಲ್ಲಿ ಇಳಿದ ಕೂಡಲೇ ಕೆಲಸ ಮಾಡುತ್ತದೆಂಬ ಖಾತ್ರಿಯಿಲ್ಲ. ನಿಲ್ದಾಣದ ವೈಫೈಗೂ ಸಂದೇಶದಲ್ಲಿ ಬರುವ ಸಂಖ್ಯೆ ಬೇಕಾಗುತ್ತದೆ. ‘ಬಂದ ಮೇಲೆ ಫೋನ್‌ ಮಾಡಿ’ ಎಂಬ ಏರ್ಪಾಡು ಮುರಿಯುವುದು ಇಲ್ಲಿಯೇ. ಟಿಕೇಟಿಲ್ಲದ ನಮ್ಮನ್ನು ಒಳಗೆ ಬಿಡುವುದಿಲ್ಲವಾದ್ದರಿಂದ, ಹೊರಬಾಗಿಲಿನ ಬಳಿ ನಿಲ್ಲುವ ನಿಖರವಾದ ಜಾಗ, ನಿಂತಿರುವವರ ಚಿತ್ರ, ಎರಡು ಫೋನ್‌ ಸಂಖ್ಯೆ ಇವನ್ನು ಕಾಗದದ ಮೇಲೆ ಅಚ್ಚುಮಾಡಿ ಒಂದು ವಾರ ಮೊದಲೇ ಕಳಿಸಿರಬೇಕು. ಕೈಯಲ್ಲಿ ಹಿಡಿಯುವ ಫಲಕದ ಮೇಲೆ ನಮ್ಮ ಸಂಘದ ಉದ್ದನೆಯ ಹೆಸರು ಬೇಡ. ಅವರ ಪಾಸ್‌ಪೋರ್ಟಿನಲ್ಲಿರುವ ಹೆಸರೇ, ಅವರು ಓದುವ ಲಿಪಿಯಲ್ಲಿ ಇರಲಿ. ನಮ್ಮವರೊಬ್ಬರು ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ಅದೇ ವಿಮಾನದಲ್ಲಿ ಜೊತೆಗಿರುತ್ತಾರೆ. ಆ ಖರ್ಚನ್ನು ದುಂದೆಂದು ಯಾರೂ ಆಕ್ಷೇಪಿಸಬಾರದು.

ಅವರು ಹೊರಡುವ ಮುನ್ನವೇ ಒಂದು ಮಾತನ್ನು ಸ್ಪಷ್ಟವಾಗಿ ಬರೆಯಬೇಕು. ಉಪಗ್ರಹ ಫೋನನ್ನು, ಬೆಟ್ಟ ಹತ್ತುವವರು ಒಯ್ಯುವ ಉಪಗ್ರಹ ಸಂದೇಶ ಯಂತ್ರವನ್ನು ತರಕೂಡದು. ಅನುಮತಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಪರಿಸರದ ಕೆಲಸ ಮಾಡುವವರ ಚೀಲದಲ್ಲಿ ಅದು ಸಹಜವಾಗಿಯೇ ಇರುತ್ತದೆ, ಅವರಿಗೆ ನಿಷೇಧದ ಅರಿವೂ ಇರುವುದಿಲ್ಲ. ಡ್ರೋನ್‌ ಕೂಡ ಬೇಡ. ವೀಸಾದ ವಿಷಯವೂ ಹೀಗೆಯೇ. ಅವರು ವೀಸಾ ಅರ್ಜಿಯಲ್ಲಿ ಬರೆದ ಉದ್ದೇಶಕ್ಕೂ ನಮ್ಮ ಕಾರ್ಯಕ್ರಮ ಪಟ್ಟಿಗೂ ತಾಳೆಯಿರಬೇಕು. ಪ್ರವಾಸಿ ವೀಸಾದಲ್ಲಿ ಬಂದವರ ಹೆಸರನ್ನು ನಾವು ‘ಸಮ್ಮೇಳನದ ಮುಖ್ಯ ಭಾಷಣಕಾರರು’ ಎಂದು ಕರಪತ್ರದಲ್ಲಿ ಅಚ್ಚುಮಾಡಿದರೆ ಪ್ರಶ್ನೆ ಎದುರಿಸುವವರು ಅವರು.

ಹುಬ್ಬಳ್ಳಿಯಿಂದ ಎರಡೂವರೆಗೆ ಹೊರಟು ಗದಗ, ಮುಂಡರಗಿ ದಾಟಿ, ತುಂಗಭದ್ರೆಯ ಸೇತುವೆಯ ಮೇಲೆ ಹಡಗಲಿ ತಾಲ್ಲೂಕನ್ನು ಪ್ರವೇಶಿಸುತ್ತೇವೆ. ಹೊಸಪೇಟೆಯ ಮೇಲೆ ಬರುವ ಹೆದ್ದಾರಿ ಇದಕ್ಕಿಂತ ಅಗಲವಾದದ್ದು. ಆದರೂ ಈ ದಾರಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಈ ಸೀಮೆಯ ಕೆರೆಗಳ ಮಾತನ್ನು ಅರಿಯಬೇಕಾದರೆ ಮೊದಲು ನದಿಯನ್ನು ಕಾಣಬೇಕು. ಪಕ್ಕದಲ್ಲೇ ನದಿ, ಕೆಳಗಡೆ ಜಲಾಶಯ, ಆದರೂ ಮಳೆ ಹೋದರೆ ಒಣಗುವ ಹೊಲ. ಈ ವಿರೋಧಾಭಾಸವನ್ನು ನಾವು ಬಾಯಿಬಿಟ್ಟು ವಿವರಿಸಬೇಕಾಗಿಲ್ಲ, ಆ ರಸ್ತೆಯೇ ತೋರಿಸುತ್ತದೆ. ಹಡಗಲಿಯಲ್ಲಿ ಐದೂವರೆಗೆ ಚಹ, ಒಂದು ಮಲ್ಲಿಗೆ ತೋಟದಲ್ಲಿ ಅರ್ಧ ಗಂಟೆ. ಹೂವಿಲ್ಲದಿದ್ದರೂ ಬೆಳೆಗಾರರಿರುತ್ತಾರೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹೂವಿಗೆ ನಸುಕಿನ ಮಾರುಕಟ್ಟೆಯಲ್ಲಿ ದರ ಕಟ್ಟುವವರು ಯಾರು ಎಂಬುದನ್ನು ಅವರ ಬಾಯಿಂದಲೇ ಕೇಳಲಿ. ಅಲ್ಲಿಂದ ಮುಂದೆ ಕತ್ತಲಿನ ಪ್ರಯಾಣವನ್ನು ಆದಷ್ಟು ಮೊಟಕುಗೊಳಿಸಬೇಕು. ಸುಗ್ಗಿಯ ಕಾಲದಲ್ಲಿ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿರುತ್ತಾರೆ, ಅಂಚಿಗೆ ಕಲ್ಲಿಟ್ಟಿರುತ್ತಾರೆ, ಟ್ರ್ಯಾಕ್ಟರಿನ ಟ್ರೇಲರುಗಳಿಗೆ ಹಿಂದೀಪವಿರುವುದಿಲ್ಲ. ಆ ರಾತ್ರಿಯ ವಸತಿ ಹಗರಿಬೊಮ್ಮನಹಳ್ಳಿಯಲ್ಲಿ.

ಹೊಸಪೇಟೆಯಲ್ಲಿ ಒಳ್ಳೆಯ ಹೋಟೆಲುಗಳಿರುವಾಗ ಇಲ್ಲೇಕೆ ಎಂದು ಕೇಳಿದ್ದೀರಿ. ಹೊಸಪೇಟೆಯಲ್ಲಿ ತಂಗಿದವರು ಹಂಪಿಗೆ ಹೋಗದೆ ಇರಲಾರರು, ಹಂಪಿಗೆ ಹೋದವರು ಅರ್ಧ ದಿನದೊಳಗೆ ಹಿಂದಿರುಗಲಾರರು. ಅದಕ್ಕಾಗಿ ಅವರು ಇನ್ನೊಮ್ಮೆ ಬರಲಿ. ಎಲ್ಲಿಯೇ ತಂಗಲಿ, ವಸತಿ ಕೊಟ್ಟವರು ಅತಿಥಿಯ ಪಾಸ್‌ಪೋರ್ಟು, ವೀಸಾ ವಿವರಗಳನ್ನು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ನೋಂದಣಿ ಅಧಿಕಾರಿಗೆ ಸಲ್ಲಿಸಬೇಕು. ಬಹುಕಾಲ ಇದನ್ನು ‘ಸಿ ಫಾರಂ’ ಎಂದು ಕರೆಯುತ್ತಿದ್ದರು. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶೀಯರ ಹೊಸ ಕಾಯ್ದೆ ಜಾರಿಯಲ್ಲಿದೆ, ಹೊಣೆ ಮಾತ್ರ ಹಾಗೆಯೇ ಮುಂದುವರಿದಿದೆ. ನೆಂಟರಂತೆ ಮನೆಯಲ್ಲಿ ಇಟ್ಟುಕೊಂಡರೂ ಇದು ತಪ್ಪದು. ಸಣ್ಣ ಊರಿನ ವಸತಿಗೃಹದವರಿಗೆ ಈ ಖಾತೆ ಇರದಿರಬಹುದು. ಕೋಣೆ ಗೊತ್ತುಮಾಡುವಾಗಲೇ ಇದನ್ನು ಕೇಳಿ. ಪತ್ರ ವ್ಯವಹಾರದಲ್ಲಿ ಇನ್ನೊಂದು ಎಚ್ಚರ: ಈ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಆಮೇಲೆ ಇಲ್ಲಿಗೆ ಬಂದದ್ದು. ಹಳೆಯ ವಿಳಾಸ ಪುಸ್ತಕ ನೋಡಿ ಬಳ್ಳಾರಿಗೋ ದಾವಣಗೆರೆಗೋ ಪತ್ರ ಹಾಕಿದರೆ ಅದು ಹೊಸಪೇಟೆಯ ಕಚೇರಿಗಳಿಗೆ ಬರುವ ಹೊತ್ತಿಗೆ ಅತಿಥಿಗಳು ಊರಿಗೆ ಹಿಂದಿರುಗಿರುತ್ತಾರೆ.

ಈಗ ಮೊದಲ ಮುಂಜಾವು. ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಸುಮಾರಿಗೆ. ಆರೂಕಾಲಿಗೆ ನಾವು ಅಂಕಸಮುದ್ರದ ಏರಿಯ ಮೇಲಿರಬೇಕು. ಇದು ಪ್ರಕೃತಿಯೇ ನಿರ್ಮಿಸಿದ ಸರೋವರವಲ್ಲ, ಹಿಂದಿನವರು ನೀರಾವರಿಗೆಂದು ಕಟ್ಟಿದ ಊರಕೆರೆ. ವಿಸ್ತೀರ್ಣ 244 ಎಕರೆ, ಅಂದರೆ 98.76 ಹೆಕ್ಟೇರು. ನೀರಿನಲ್ಲಿ ನಿಂತ ಕರಿಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡುಕಟ್ಟುತ್ತವೆ, ರಾತ್ರಿ ತಂಗುತ್ತವೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆಗೆ ರಾಮ್ಸರ್ ಪಟ್ಟಿಗೆ ಸೇರಿತು. ಮೂವತ್ತು ಸಾವಿರಕ್ಕೂ ಮಿಕ್ಕಿದ ನೀರುಹಕ್ಕಿಗಳಿಗೆ ಆಶ್ರಯವೆಂದೂ, ಬಣ್ಣದ ಕೊಕ್ಕರೆ ಹಾಗೂ ಕರಿತಲೆಯ ಕೆಂಬರಲು ಈ ಎರಡು ಜಾತಿಗಳ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚಿನ ಪಾಲಿಗೆ ನೆಲೆಯೆಂದೂ ಆಗ ದಾಖಲಾಗಿದೆ.

ಏರಿಯ ಮೇಲೆ ಒಮ್ಮೆಗೆ ಆರು ಜನಕ್ಕಿಂತ ಹೆಚ್ಚಿಲ್ಲ. ಸ್ವಾಗತ ಸಮಿತಿಯವರು ಊರಲ್ಲೇ ಇರಲಿ. ಹಕ್ಕಿಗೆ ತೊಂದರೆಯಾಗುತ್ತಿದೆಯೇ ಎಂದು ತಿಳಿಯಲು ಅದು ಹಾರುವವರೆಗೆ ಕಾಯಬೇಕಾಗಿಲ್ಲ. ಗರಿ ತೀಡಿಕೊಳ್ಳುತ್ತಿದ್ದದ್ದು ನಿಲ್ಲಿಸಿ ಕತ್ತೆತ್ತಿ ನಮ್ಮತ್ತ ನೋಡಿದರೆ ಅಲ್ಲಿಗೇ ನಿಲ್ಲಬೇಕು. ಗೂಡಿನ ಮೇಲೆ ಕುಳಿತದ್ದು ಎದ್ದು ನಿಂತರೆ ಹಿಂದೆ ಸರಿಯಬೇಕು. ತಾಯಿ ಎದ್ದ ಗೂಡಿಗೆ ಕಾಗೆ ಬರಲು ಎರಡು ನಿಮಿಷವೂ ಬೇಡ. ಒಳ್ಳೆಯ ಚಿತ್ರಕ್ಕಾಗಿ ‘ಇನ್ನೊಂದು ಹೆಜ್ಜೆ’ ಎನ್ನುವ ಅತಿಥಿಯನ್ನು ತಡೆಯಲು ಸಂಕೋಚ ಬೇಡ. ಇದನ್ನು ಹೇಳಬೇಕಾದವರು ಯಾರೆಂದು ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಳ್ಳಿ.

ಎಂಟೂವರೆಗೆ ತಿಂಡಿ. ಒಗ್ಗರಣೆ ಮಂಡಕ್ಕಿಯನ್ನೇ ಕೊಡಿ, ಮೆಣಸಿನಕಾಯಿ ಬಜ್ಜಿಯನ್ನು ಮಾತ್ರ ಎಚ್ಚರಿಸಿ ಕೊಡಿ. ಕೊಳವೆಬಾವಿಯ ನೀರು ಬೇಡ, ಈ ಸೀಮೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್‌ ಇದೆ. ಶುದ್ಧೀಕರಿಸಿದ ನೀರಿನ ದೊಡ್ಡ ಕ್ಯಾನು, ಸ್ಟೀಲಿನ ಬಾಟಲಿ ಸಾಕು. ಪರಿಸರದ ಸಭೆಯಲ್ಲಿ ಮೇಜಿನ ಮೇಲೆ ಪ್ಲಾಸ್ಟಿಕ್‌ ಬಾಟಲಿಗಳ ಸಾಲು ಕಂಡಾಗಲೆಲ್ಲ ನನಗೆ ತಲೆ ತಗ್ಗುತ್ತದೆ.

ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ ಕೆರೆಯ ಅಚ್ಚುಕಟ್ಟಿನ ರೈತರೊಡನೆ ಮಾತುಕತೆ. ಇದೇ ಈ ಭೇಟಿಯ ಹೃದಯ, ಇದೇ ಕೆಡುವ ಸಂಭವವೂ ಹೆಚ್ಚು. ಎರಡು ಗಂಟೆಯ ಸಭೆಯೆಂದರೆ ಅನುವಾದದಲ್ಲಿ ಅರ್ಧ ಹೋಗಿ ಉಳಿಯುವ ಮಾತು ಒಂದೇ ಗಂಟೆಯದು. ಅದರಲ್ಲಿ ಶಾಲು, ಹಾರ, ಫಲಪುಷ್ಪ, ಪ್ರಾಸ್ತಾವಿಕ ಭಾಷಣ ಎಂದು ನಲವತ್ತು ನಿಮಿಷ ಕಳೆದರೆ ರೈತರಿಗೆ ಸಿಗುವುದು ಇಪ್ಪತ್ತು ನಿಮಿಷ. ಆದ್ದರಿಂದ ವೇದಿಕೆ ಇಲ್ಲ, ಮೈಕು ಇಲ್ಲ. ಮರದ ನೆರಳಲ್ಲಿ ವೃತ್ತಾಕಾರವಾಗಿ ಕುಳಿತುಕೊಳ್ಳುವುದು. ಅತಿಥಿಗಳ ಪ್ರಶ್ನೆಗಳನ್ನು ಮೊದಲೇ ತರಿಸಿ ಊರವರಿಗೆ ಓದಿ ಹೇಳಿರಬೇಕು. ಊರವರ ಪ್ರಶ್ನೆಗಳನ್ನೂ ಅವರಿಗೆ ಕಳಿಸಿರಬೇಕು.

ಊರವರ ಪ್ರಶ್ನೆ ಏನಿರುತ್ತದೆಂದು ಊಹಿಸುವುದು ಕಷ್ಟವಲ್ಲ. ‘ನಮ್ಮ ಕೆರೆಯ ತೂಬಿಗೆ ಬೀಗ ಹಾಕುತ್ತೀರಾ?’ ರೈತನಿಗೆ ಬೇಸಿಗೆ ಬೆಳೆಗೆ ನೀರು ಇಳಿಯಬೇಕು. ಹಕ್ಕಿಗೆ ಮರಿಗಳು ಹಾರುವವರೆಗೆ ಮರದ ಬುಡದಲ್ಲಿ ನೀರು ನಿಲ್ಲಬೇಕು. ನೀರು ಬತ್ತಿದರೆ ನಾಯಿ ನರಿ ಗೂಡಿನ ಮರದ ಬುಡಕ್ಕೇ ಬರುತ್ತವೆ. ಈ ತಿಕ್ಕಾಟ ನಿಜವಾದದ್ದು, ಅದನ್ನು ಅತಿಥಿಗಳ ಮುಂದೆ ಮುಚ್ಚಿಡಬಾರದು. ‘ಊರವರೆಲ್ಲ ಹಕ್ಕಿಪ್ರೇಮಿಗಳು’ ಎಂಬ ಸಿಹಿಕಥೆಯನ್ನು ಅನುವಾದಕರು ಕಟ್ಟದಿರಲಿ. ಸಂರಕ್ಷಣಾ ಮೀಸಲು ಎಂಬುದು ವನ್ಯಜೀವಿ ಕಾಯ್ದೆಯಲ್ಲಿ ಅಭಯಾರಣ್ಯಕ್ಕಿಂತ ಬೇರೆಯಾದ ವರ್ಗ. ಸುತ್ತಲಿನ ಜನರೊಡನೆ ಸಮಾಲೋಚಿಸಿ ಘೋಷಿಸುವಂಥದ್ದು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗೂ ಸ್ಥಾನವಿದೆ. ರಾಮ್ಸರ್ ಪಟ್ಟಿಯೂ ಬಳಕೆಯನ್ನು ನಿಷೇಧಿಸುವುದಿಲ್ಲ, ವಿವೇಕದ ಬಳಕೆಯನ್ನು ಕೇಳುತ್ತದೆ. ಆ ಪಟ್ಟಿಗೆ ಸೇರಿದ ಮಾತ್ರಕ್ಕೆ ಊರಿಗೆ ಹಣ ಬರುವುದೂ ಇಲ್ಲ. ಇದನ್ನು ಸಭೆಯ ಆರಂಭದಲ್ಲೇ ಹೇಳಿಬಿಡಬೇಕು.

ಹಣದ ಮಾತು ಬಂದದ್ದರಿಂದ ಹೇಳುತ್ತೇನೆ. ಹೊರದೇಶದವರು ಬಂದರೆಂದರೆ ‘ಏನೋ ಯೋಜನೆ ತಂದಿದ್ದಾರೆ’ ಎಂಬ ನಿರೀಕ್ಷೆ ಹುಟ್ಟುತ್ತದೆ. ಕೆರೆ ಹೂಳೆತ್ತುವ ಅರ್ಜಿ, ಗುಡಿಯ ಜೀರ್ಣೋದ್ಧಾರದ ಅರ್ಜಿ ಕೈಯಲ್ಲಿ ಹಿಡಿದು ಬರುತ್ತಾರೆ. ಅತಿಥಿಯೊಬ್ಬರು ಮನಸ್ಸು ಕರಗಿ ಲಕೋಟೆಯಲ್ಲಿ ನಗದು ಕೊಟ್ಟರೆ ಅದನ್ನು ನಮ್ಮ ಸಂಘ ಮುಟ್ಟುವಂತಿಲ್ಲ. ವಿದೇಶಿ ದೇಣಿಗೆ ಪಡೆಯಲು ಸಂಘಕ್ಕೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ಮೇಲೆ ಆ ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿನ ನಿಗದಿತ ಖಾತೆಗೇ ಬರಬೇಕು. ಲಕೋಟೆಯನ್ನು ನಯವಾಗಿ ಹಿಂದಿರುಗಿಸಿ. ಕಾರಣವನ್ನು ಊರವರ ಎದುರಿನಲ್ಲೇ ಕನ್ನಡದಲ್ಲಿ ಹೇಳಿ, ಇಲ್ಲವಾದರೆ ಸಂಜೆಯೊಳಗೆ ‘ಸಂಘದವರು ಒಳಗೆ ಹಾಕಿಕೊಂಡರು’ ಎಂಬ ಸುದ್ದಿ ಹಬ್ಬಿರುತ್ತದೆ.

ಊಟವಾದ ಮೇಲೆ ಕೊಟ್ಟೂರಿಗೆ. ಅಲ್ಲಿ ಮೂರೂವರೆಯಿಂದ ಐದೂವರೆಯವರೆಗೆ ಹರಪನಹಳ್ಳಿ, ಹಡಗಲಿ, ಕೊಟ್ಟೂರಿನ ಮಿತ್ರರೆಲ್ಲರ ಕೂಡುಸಭೆ. ಅತಿಥಿಗಳನ್ನು ಹರಪನಹಳ್ಳಿಗೆ ಒಯ್ಯುವ ಬದಲು ಹರಪನಹಳ್ಳಿಯವರನ್ನು ಕೊಟ್ಟೂರಿಗೆ ಕರೆಸುತ್ತಿದ್ದೇವೆ. ಆರು ಜನರ ದಾರಿ ಉಳಿಸಲು ಮೂವತ್ತು ಜನರನ್ನು ದಣಿಸುವುದೇ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕಾಗಿಯೇ ಅವರಿಗೆ ವಾಹನದ ವ್ಯವಸ್ಥೆ ನಮ್ಮದು, ಸಭೆಯಲ್ಲಿ ಮೊದಲ ಮಾತೂ ಅವರದು. ಬಾಗಳಿಯ ಕಲ್ಲೇಶ್ವರ ಗುಡಿಯನ್ನು ತೋರಿಸಲಾಗದ್ದಕ್ಕೆ ನನಗೂ ವ್ಯಥೆಯಿದೆ. ಕೊಟ್ಟೂರೇಶ್ವರನ ರಥೋತ್ಸವ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಬರುತ್ತದೆ. ನಮ್ಮ ದಿನಾಂಕ ಮುಂದೂಡಿದರೆ ಮೊದಲು ಪಂಚಾಂಗ ನೋಡಿ, ಪಾದಯಾತ್ರಿಗಳು ತುಂಬಿದ ಆ ರಸ್ತೆಗಳಲ್ಲಿ ಯಾವ ವೇಳಾಪಟ್ಟಿಯೂ ನಿಲ್ಲದು. ರಾತ್ರಿ ತಂಗುವುದು ಕೂಡ್ಲಿಗಿಯಲ್ಲಿ.

ಎರಡನೆಯ ಮುಂಜಾವು ಗುಡೇಕೋಟೆ. ಐದಕ್ಕೆ ಕೂಡ್ಲಿಗಿಯಿಂದ ಹೊರಡಬೇಕು. 2013ರಲ್ಲಿ ಕರಡಿಧಾಮವಾದ ಈ ಕಲ್ಲುಗುಡ್ಡಗಳ ಪ್ರದೇಶಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಹೋಗುವಂತಿಲ್ಲ. ಸಿಬ್ಬಂದಿ ಜೊತೆಗಿರಬೇಕು, ವಾಹನದಿಂದ ಇಳಿಯಬಾರದು. ಕರಡಿ ಕಾಣುತ್ತದೆಂದು ಯಾರೂ ಮಾತು ಕೊಡಬೇಡಿ. ಕಾಣದಿದ್ದರೂ ಕೆದಕಿದ ಗೆದ್ದಲ ಹುತ್ತ, ಹಣ್ಣಿನ ಬೀಜ ತುಂಬಿದ ಲದ್ದಿ ಸಿಕ್ಕರೆ ಹೇಳಬೇಕಾದ ಕಥೆಯೆಲ್ಲ ಅಲ್ಲಿಯೇ ಇರುತ್ತದೆ. ಹತ್ತೂವರೆಗೆ ಕೂಡ್ಲಿಗಿಯಲ್ಲಿ ಕಾಡಂಚಿನ ರೈತರ ಸಭೆ. ನಸುಕಿನಲ್ಲಿ ಹೊಲಕ್ಕೆ ಹೊರಟವನಿಗೂ ಗುಡ್ಡಕ್ಕೆ ಮರಳುವ ಕರಡಿಗೂ ದಾರಿ ಒಂದೇ. ಗಾಯಗೊಂಡವರು ಸಭೆಗೆ ಬಂದರೆ ಅವರ ಒಪ್ಪಿಗೆಯಿಲ್ಲದೆ ಚಿತ್ರ ತೆಗೆಯಕೂಡದು.

ಮಧ್ಯಾಹ್ನ ಒಂದಕ್ಕೆ ಊಟ, ಎರಡಕ್ಕೆ ನಾವು ನಾವೇ ಕುಳಿತು ಒಂದು ಗಂಟೆ ಮಾತು: ಅವರು ಏನು ಕೇಳಿಸಿಕೊಂಡರು, ಹಿಂದಿರುಗಿ ಏನು ಬರೆಯುತ್ತಾರೆ, ಅದನ್ನು ಪ್ರಕಟಿಸುವ ಮೊದಲು ಊರವರಿಗೆ ಕಳಿಸುತ್ತಾರೆಯೇ. ಕೊನೆಯ ಪ್ರಶ್ನೆಗೆ ಉತ್ತರವನ್ನು ಬರಹದಲ್ಲಿ ಪಡೆಯಿರಿ.

ವಾಪಸಾತಿ ರಸ್ತೆಯ ಮೂಲಕ, ಚಿತ್ರದುರ್ಗದ ಮೇಲೆ ನೇರ ದೇವನಹಳ್ಳಿಗೆ. ಅವರ ವಿಮಾನ ರಾತ್ರಿ ಎರಡೂವರೆಯದು. ಮೂರು ಗಂಟೆ ಮುಂಚೆ, ಅಂದರೆ ಹನ್ನೊಂದೂವರೆಗೆ ನಿಲ್ದಾಣದಲ್ಲಿರಬೇಕು. ಪ್ರಯಾಣಕ್ಕೆ ಆರು ಗಂಟೆ, ದಾರಿಯಲ್ಲಿ ಊಟಕ್ಕೆ ಮುಕ್ಕಾಲು ಗಂಟೆ, ಟೈರು ಪಂಕ್ಚರಿಗೋ ತುಮಕೂರಿನಾಚೆಯ ವಾಹನ ದಟ್ಟಣೆಗೋ ಒಂದೂವರೆ ಗಂಟೆ ಎಂದಿಟ್ಟರೆ ಕೂಡ್ಲಿಗಿಯನ್ನು ಬಿಡಬೇಕಾದ್ದು ಮೂರೂಕಾಲಿಗೆ. ಎರಡನೆಯ ದಿನದ ಸಂಜೆ ಪಟ್ಟಿಯಲ್ಲಿ ಖಾಲಿಯಿದೆಯೆಂದು ಸಮಾರೋಪ ಸಮಾರಂಭ ಕೇಳುತ್ತಿರುವವರಿಗೆ ಇದೇ ಉತ್ತರ: ಆ ಸಂಜೆ ಅವರು ಹಿರಿಯೂರಿನ ಹತ್ತಿರ ಹೆದ್ದಾರಿಯಲ್ಲಿರುತ್ತಾರೆ. ಚಾಲಕರು ಇಬ್ಬರಿರಲಿ, ಬೆಳಿಗ್ಗೆ ಗುಡೇಕೋಟೆಗೆ ಹೋದವರು ರಾತ್ರಿಯ ಚಾಲನೆಗೆ ಬೇಡ. ಪಾಸ್‌ಪೋರ್ಟುಗಳು ವಸತಿಗೃಹದ ಮೇಜಿನ ಖಾನೆಯಲ್ಲಿ ಉಳಿದಿಲ್ಲವೆಂದು ವಾಹನ ಹೊರಡುವ ಮೊದಲು ಆರನ್ನೂ ಎಣಿಸಿ ನೋಡಿ.